ಗೌಟ್ ಕಾಯಿಲೆ: ನೋವು ಹೋದರೂ ಉಳಿಯುವ ಯೂರಿಕ್ ಆಮ್ಲ



ರಾತ್ರಿ ಮಲಗುವಾಗ ಚೆನ್ನಾಗಿಯೇ ಇದ್ದ ಕಾಲು ಬೆಳಗಿನ ಜಾವದ ಹೊತ್ತಿಗೆ ಹೆಬ್ಬೆರಳಿನ ಬುಡದಲ್ಲಿ ಕೆಂಪಗೆ ಊದಿಕೊಂಡು, ಹೊದ್ದ ಬೆಡ್‌ಶೀಟು ತಗುಲಿದರೂ ತಡೆಯಲಾರದಷ್ಟು ನೋಯತೊಡಗಿದರೆ ಅದು ಗೌಟ್ ಕಾಯಿಲೆ ಇರಬಹುದು. ನಮ್ಮ ಕಡೆ ಇದನ್ನು ಕೆಲವರು ವಾತ ಎನ್ನುತ್ತಾರೆ, ಕೆಲವರು ನಂಜು ಎನ್ನುತ್ತಾರೆ, ಉಳುಕಿರಬೇಕು ಎಂದು ನೀವಿಸಿಕೊಳ್ಳುವವರೂ ಇದ್ದಾರೆ. ನೋವು ಒಂದು ದಿನದೊಳಗೆ ಹೆಚ್ಚಿನ ಮಟ್ಟಕ್ಕೆ ಏರಿ, ಔಷಧಿ ಇಲ್ಲದಿದ್ದರೂ ಒಂದೆರಡು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ತಾನಾಗಿ ಇಳಿಯುವುದರಿಂದಲೇ ಈ ಕಾಯಿಲೆ ಜನರನ್ನು ಮೋಸಗೊಳಿಸುತ್ತದೆ. ನೋವು ಹೋಯಿತು, ಕಾಯಿಲೆಯೂ ಹೋಯಿತು ಎಂದು ತಿಳಿದು ಮಾತ್ರೆ ಬಿಟ್ಟವರೇ ಮತ್ತೆ ಮತ್ತೆ ಆಸ್ಪತ್ರೆಗೆ ಬರುತ್ತಾರೆ. ನೋವು ಬೇರೆ, ನೋವಿಗೆ ಕಾರಣವಾದ ಯೂರಿಕ್ ಆಮ್ಲ ಬೇರೆ ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಯೂರಿಕ್ ಆಮ್ಲ ಎಂದರೇನು?

ನಮ್ಮ ದೇಹದ ಜೀವಕೋಶಗಳು ದಿನವೂ ಸವೆದು ಹೊಸದಾಗಿ ಹುಟ್ಟುತ್ತಿರುತ್ತವೆ. ಹಳೆಯ ಕೋಶಗಳಲ್ಲಿರುವ ಪ್ಯೂರಿನ್ ಎಂಬ ವಸ್ತು ಒಡೆದಾಗ ಕೊನೆಗೆ ಉಳಿಯುವ ಕಸವೇ ಯೂರಿಕ್ ಆಮ್ಲ. ನಾವು ತಿನ್ನುವ ಆಹಾರದಲ್ಲಿಯೂ ಪ್ಯೂರಿನ್ ಇರುತ್ತದೆ. ಆದರೆ ರಕ್ತದಲ್ಲಿರುವ ಯೂರಿಕ್ ಆಮ್ಲದ ಸುಮಾರು ಮೂರರಲ್ಲಿ ಎರಡು ಪಾಲು ದೇಹದಲ್ಲಿಯೇ ತಯಾರಾದದ್ದು, ಮೂರರಲ್ಲಿ ಒಂದು ಪಾಲು ಮಾತ್ರ ಊಟದಿಂದ ಬಂದದ್ದು. ಈ ಕಸವನ್ನು ಹೊರಹಾಕುವ ಮುಖ್ಯ ಕೆಲಸ ಮೂತ್ರಪಿಂಡಗಳದ್ದು. ಗೌಟ್ ಬಂದವರಲ್ಲಿ ಹೆಚ್ಚಿನವರಿಗೆ ತೊಂದರೆ ಇರುವುದು ಇಲ್ಲಿಯೇ. ಅವರ ದೇಹದಲ್ಲಿ ಕಸ ಅತಿಯಾಗಿ ತಯಾರಾಗುತ್ತಿರುವುದಿಲ್ಲ, ಸಾಕಷ್ಟು ಹೊರಗೆ ಹೋಗುತ್ತಿರುವುದಿಲ್ಲ. ಈ ಗುಣ ಬಹಳ ಮಟ್ಟಿಗೆ ಮನೆತನದಿಂದ ಬರುತ್ತದೆ.

ಚಳಿಗಾಲದಲ್ಲಿ ಜೇನುತುಪ್ಪ ಸೀಸೆಯ ತಳದಲ್ಲಿ ಹರಳುಗಟ್ಟುವುದನ್ನು ನೀವು ನೋಡಿದ್ದೀರಿ. ಯೂರಿಕ್ ಆಮ್ಲವೂ ಹಾಗೆಯೇ. ರಕ್ತ ಪರೀಕ್ಷೆಯ ಚೀಟಿಯಲ್ಲಿ ಬರೆದಿರುವ ಅಂಕಿ ಎಂದರೆ 100 ಮಿಲಿಲೀಟರ್ ರಕ್ತಕ್ಕೆ ಎಷ್ಟು ಮಿಲಿಗ್ರಾಂ ಯೂರಿಕ್ ಆಮ್ಲ ಇದೆ ಎಂಬ ಲೆಕ್ಕ. ಇದು ಸುಮಾರು 6.8 ದಾಟಿದರೆ ಹೆಚ್ಚಿನದು ಕರಗಿರಲಾರದೆ ಸೂಜಿಯಂತಹ ಸಣ್ಣ ಹರಳುಗಳಾಗಿ ಕೀಲುಗಳಲ್ಲಿ ಕೂರತೊಡಗುತ್ತದೆ. ದೇಹದ ಒಳಭಾಗಕ್ಕಿಂತ ತಣ್ಣಗಿರುವ ಜಾಗದಲ್ಲಿ ಹರಳುಗಟ್ಟುವುದು ಸುಲಭ. ಮೊದಲ ಸಲದ ನೋವು ಹೆಚ್ಚಾಗಿ ಕಾಲಿನ ಹೆಬ್ಬೆರಳಿನಲ್ಲಿಯೇ ಕಾಣಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ಹರಳುಗಳು ವರ್ಷಗಟ್ಟಲೆ ಸದ್ದಿಲ್ಲದೆ ಕುಳಿತಿರಬಹುದು. ಒಂದು ದಿನ ಅವು ಅಲುಗಿದಾಗ ದೇಹ ಅವನ್ನು ಶತ್ರುವೆಂದು ತಿಳಿದು ಮೇಲೆ ಬೀಳುತ್ತದೆ. ಊತ, ಕೆಂಪು, ಬಿಸಿ, ನೋವು ಎಲ್ಲವೂ ಆ ಹೋರಾಟದ ಫಲ. ಹೋರಾಟ ನಿಂತಾಗ ನೋವು ನಿಲ್ಲುತ್ತದೆ, ಆದರೆ ಹರಳುಗಳು ಅಲ್ಲಿಯೇ ಇರುತ್ತವೆ.

ಒಂದು ಉದಾಹರಣೆ

ಇದು ಯಾರೋ ಒಬ್ಬರದೇ ಕಥೆಯಲ್ಲ. ಇಂತಹ ಅನೇಕ ರೋಗಿಗಳಲ್ಲಿ ಕಾಣುವುದನ್ನು ಒಬ್ಬರ ಮೇಲಿಟ್ಟು ಹೇಳುತ್ತಿದ್ದೇವೆ. ಕಳಸದ ಕಡೆಯ ಒಂದು ಕಾಫಿ ತೋಟದ ರೈಟರು, ವಯಸ್ಸು 48 ಎಂದಿಟ್ಟುಕೊಳ್ಳಿ. ಐದು ವರ್ಷದಿಂದ ಬಿ.ಪಿ.ಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಅದರಲ್ಲಿ ಮೂತ್ರ ಹೆಚ್ಚು ಹೋಗುವಂತೆ ಮಾಡುವ ಹೈಡ್ರೋಕ್ಲೋರೋಥಯಾಜೈಡ್ ಎಂಬ ಔಷಧಿ ಸೇರಿದೆ. ಹಿಂದಿನ ವರ್ಷ ಎರಡು ಸಲ ಹೆಬ್ಬೆರಳು ಊದಿತ್ತು. ಎರಡೂ ಸಲ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿ ವಾರದಲ್ಲಿ ಕೆಲಸಕ್ಕೆ ಹೋಗಿದ್ದರು. ಈ ಸಲ ಜೂನ್ ತಿಂಗಳ ಮೊದಲ ಮಳೆಗೆ ನೆಂಟರು ಬಂದು, ಎರಡು ದಿನ ಮೀನು, ಏಡಿ ಸಾರು, ಜೊತೆಗೆ ಬಿಯರ್ ಆಯಿತು. ಮೂರನೆಯ ರಾತ್ರಿ ನೋವು ಎದ್ದಿತು.

ಮರುದಿನ ರಕ್ತ ಪರೀಕ್ಷೆ ಮಾಡಿಸಿದರೆ ಯೂರಿಕ್ ಆಮ್ಲ 6.4 ಬಂತು. ಚೀಟಿಯಲ್ಲಿ 7ರವರೆಗೆ ಸರಿ ಎಂದು ಅಚ್ಚಾಗಿತ್ತು. "ನಾರ್ಮಲ್ ಇದೆಯಲ್ಲ, ಹಾಗಾದರೆ ಇದು ಗೌಟ್ ಅಲ್ಲ" ಎಂದು ಮನೆಯವರು ಎಣಿಸಿದರು. ಬಹಳ ಜನ ತಪ್ಪು ತಿಳಿಯುವುದು ಇಲ್ಲಿಯೇ. ನೋವು ಜೋರಾಗಿರುವಾಗ ರಕ್ತದಲ್ಲಿರುವ ಯೂರಿಕ್ ಆಮ್ಲ ಕೆಲವರಲ್ಲಿ ಇಳಿದು ಸರಿಯಾಗಿರುವಂತೆ ತೋರುತ್ತದೆ. ಆದ್ದರಿಂದ ನೋವು ಪೂರ್ತಿ ಇಳಿದು ಎರಡು ವಾರವಾದರೂ ಕಳೆದ ಮೇಲೆ ಪುನಃ ಪರೀಕ್ಷೆ ಮಾಡಿಸಬೇಕು. ರೈಟರಿಗೆ ಮೂರು ವಾರದ ನಂತರ ಮಾಡಿಸಿದಾಗ ಬಂದದ್ದು 9.1. ಜೊತೆಗೆ ಮೂತ್ರಪಿಂಡದ ಕೆಲಸ ತಿಳಿಯಲು ಕ್ರಿಯಾಟಿನಿನ್ ಪರೀಕ್ಷೆಯನ್ನೂ ಮಾಡಿಸಲಾಯಿತು, ಅದು ಸರಿಯಾಗಿತ್ತು.

ಇದಕ್ಕೆ ವಿರುದ್ಧವಾದ ತಪ್ಪೂ ಇದೆ. ಬೇರೆ ಯಾವುದೋ ಕಾರಣಕ್ಕೆ ರಕ್ತ ಪರೀಕ್ಷೆ ಮಾಡಿಸಿದಾಗ ಯೂರಿಕ್ ಆಮ್ಲ 7.5 ಬಂದರೆ ಅಷ್ಟಕ್ಕೇ ಗೌಟ್ ಬಂದಿದೆ ಎಂದಲ್ಲ. ಯೂರಿಕ್ ಆಮ್ಲ ಹೆಚ್ಚಿರುವ ಬಹುಪಾಲು ಜನರಿಗೆ ಕೀಲು ಊದುವುದೇ ಇಲ್ಲ, ಅವರಿಗೆ ಸಾಮಾನ್ಯವಾಗಿ ಮಾತ್ರೆಯೂ ಬೇಕಾಗುವುದಿಲ್ಲ. ಸಂಶಯವಿದ್ದರೆ ಊದಿದ ಕೀಲಿನಿಂದ ಸೂಜಿಯಲ್ಲಿ ಸ್ವಲ್ಪ ನೀರು ತೆಗೆದು ಹರಳು ಇದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುವುದು ಖಚಿತವಾದ ಪರೀಕ್ಷೆ.

ನೋವು ಎದ್ದ ದಿನ ಏನು ಮಾಡಬೇಕು?

ಕಾಲನ್ನು ದಿಂಬಿನ ಮೇಲೆ ಎತ್ತರಕ್ಕಿಟ್ಟು ಮಲಗಿ. ಮಂಜುಗಡ್ಡೆಯನ್ನು ಅಥವಾ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಒಂದು ಸಲಕ್ಕೆ 20 ನಿಮಿಷದಂತೆ ದಿನಕ್ಕೆ ಕೆಲವು ಸಲ ಇಡಿ. ಮಂಜುಗಡ್ಡೆಯಾದರೆ ಬರಿಯ ಚರ್ಮಕ್ಕೆ ತಾಗಿಸದೆ ಬಟ್ಟೆಯಲ್ಲಿ ಸುತ್ತಬೇಕು. ಮಲೆನಾಡಿನ ಚಳಿಯಲ್ಲಿ ತಣ್ಣಗಿನದು ಇಡುವುದೆಂದರೆ ಹಿರಿಯರು ಒಪ್ಪುವುದಿಲ್ಲ, ಬಿಸಿ ಶಾಖ ಕೊಡೋಣ ಎನ್ನುತ್ತಾರೆ. ಉರಿಯುತ್ತಿರುವ ಕೀಲಿಗೆ ಶಾಖ ಕೊಟ್ಟರೆ ಊತ ಹೆಚ್ಚಬಹುದು. ಎಣ್ಣೆ ಹಚ್ಚಿ ನೀವಿಸುವುದು, ಬೆರಳು ಎಳೆಸುವುದು ಬೇಡ.

ಔಷಧಿಯನ್ನು ಬೇಗ ಶುರುಮಾಡಿದಷ್ಟೂ ಗುಣ ಹೆಚ್ಚು. ಕಾಲ್ಚಿಸಿನ್ ಎಂಬ ಮಾತ್ರೆಯನ್ನು ನೋವು ಎದ್ದ 12 ಗಂಟೆಯೊಳಗೆ ತೆಗೆದುಕೊಂಡರೆ ಚೆನ್ನಾಗಿ ಕೆಲಸ ಮಾಡುತ್ತದೆ. ಮಳೆಗಾಲದಲ್ಲಿ ತೋಟದಿಂದ ಪೇಟೆಗೆ ಬರುವುದೇ ಅರ್ಧ ದಿನದ ಕೆಲಸವಾದ್ದರಿಂದ, ಎಷ್ಟು ಮಾತ್ರೆ, ದಿನಕ್ಕೆ ಎಷ್ಟು ಸಲ ಎಂದು ವೈದ್ಯರಿಂದ ಬರೆಸಿಕೊಂಡು ಮನೆಯಲ್ಲಿ ಇಟ್ಟುಕೊಂಡಿರುವುದು ಒಳ್ಳೆಯದು. ಬರೆದದ್ದಕ್ಕಿಂತ ಹೆಚ್ಚು ನುಂಗಿದರೆ ನೋವು ಬೇಗ ಹೋಗುವುದಿಲ್ಲ, ಭೇದಿ ಶುರುವಾಗುತ್ತದೆ. ಈ ಔಷಧಿಗೂ ನಮ್ಮ ಬೇಲಿ ಸಾಲಿನಲ್ಲಿ ಕೆಂಪು ಹಳದಿ ಹೂ ಬಿಡುವ ಅಗ್ನಿಶಿಖೆ ಬಳ್ಳಿಗೂ ಸಂಬಂಧವಿದೆ. ಅದರ ಗೆಡ್ಡೆಯಲ್ಲಿ ಇದೇ ಕಾಲ್ಚಿಸಿನ್ ಇದೆ. ಆದರೆ ಎಷ್ಟಿದೆ ಎಂದು ಅಳೆಯಲಾಗುವುದಿಲ್ಲ, ಗೆಡ್ಡೆ ತಿಂದವರು ಸತ್ತದ್ದೂ ಇದೆ. ಯಾರು ಹೇಳಿದರೂ ಅದನ್ನು ಅರೆದು ಕುಡಿಯಬೇಡಿ.

ಅಂಗಡಿಯಲ್ಲಿ ಸಿಗುವ ಡೈಕ್ಲೋಫೆನಾಕ್‌ನಂತಹ ನೋವಿನ ಮಾತ್ರೆಗಳು ಗೌಟ್ ನೋವನ್ನು ಇಳಿಸುತ್ತವೆ, ನಿಜ. ಆದರೆ ಹೊಟ್ಟೆಯ ಹುಣ್ಣು, ಮೂತ್ರಪಿಂಡದ ತೊಂದರೆ, ಹೃದಯದ ಕಾಯಿಲೆ ಇರುವವರಿಗೆ ಅವು ಅಪಾಯ. ಅಂಥವರಿಗೆ ವೈದ್ಯರು ಕೆಲವು ದಿನದ ಮಟ್ಟಿಗೆ ಸ್ಟೀರಾಯ್ಡ್ ಔಷಧಿ ಕೊಡಬಹುದು. ಹೆಸರು ಬರೆಯದ ಪೊಟ್ಟಣದ "ವಾತದ ಗುಳಿಗೆ" ನುಂಗಬೇಡಿ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆತಿದ್ದರೆ ನಿಮಗೆ ತಿಳಿಯುವುದಿಲ್ಲ.

ಊದಿದ ಕೀಲಿನ ಜೊತೆಗೆ ಚಳಿಜ್ವರ ಬಂದರೆ, ಅಥವಾ ಕೀಲಿನ ಹತ್ತಿರ ಗಾಯವಿದ್ದರೆ ಕಾಯುತ್ತಾ ಕೂರದೆ ಅದೇ ದಿನ ಆಸ್ಪತ್ರೆಗೆ ಬನ್ನಿ. ಕೀಲಿನಲ್ಲಿ ಕೀವು ತುಂಬಿದ್ದರೂ ನೋಡಲು ಗೌಟ್‌ನಂತೆಯೇ ಇರುತ್ತದೆ. ತಡವಾದರೆ ಕೀಲು ಹಾಳಾಗುತ್ತದೆ, ಜೀವಕ್ಕೂ ಅಪಾಯ.

ಊಟದಲ್ಲಿ ಏನು ಬಿಡಬೇಕು, ಏನು ಬಿಡಬೇಕಾಗಿಲ್ಲ?

ಗೌಟ್ ಎಂದ ಕೂಡಲೇ ಮನೆಯವರು ಬೇಳೆ, ಹುರುಳಿಕಾಳು, ಟೊಮೆಟೊ, ಬದನೆ, ಸೊಪ್ಪು ಎಲ್ಲವನ್ನೂ ನಿಲ್ಲಿಸಿ, ರೋಗಿಗೆ ಬರಿಯ ಗಂಜಿ ಉಪ್ಪಿನಕಾಯಿ ಹಾಕುವುದುಂಟು. ಇದರ ಅಗತ್ಯವಿಲ್ಲ. ಅಮೆರಿಕದಲ್ಲಿ 47 ಸಾವಿರಕ್ಕೂ ಹೆಚ್ಚು ಗಂಡಸರ ಊಟವನ್ನು 12 ವರ್ಷ ಗಮನಿಸಿ 2004ರಲ್ಲಿ ಪ್ರಕಟಿಸಿದ ಒಂದು ದೊಡ್ಡ ಅಧ್ಯಯನದಲ್ಲಿ, ಮಾಂಸ ಮತ್ತು ಮೀನು ಹೆಚ್ಚು ತಿನ್ನುವವರಿಗೆ ಗೌಟ್ ಹೆಚ್ಚಾಗಿ ಬಂದಿತ್ತು. ಆದರೆ ಪ್ಯೂರಿನ್ ಇರುವ ತರಕಾರಿಗಳಾದ ಬಟಾಣಿ, ಬೇಳೆಕಾಳು, ಪಾಲಕ್, ಅಣಬೆ, ಹೂಕೋಸು ತಿಂದವರಿಗೆ ಹೆಚ್ಚಾಗಿರಲಿಲ್ಲ. ಹಾಲಿನ ಪದಾರ್ಥ ಬಳಸುವವರಿಗೆ ಕಡಿಮೆಯೇ ಇತ್ತು. ಆದ್ದರಿಂದ ಬೇಳೆ ಸಾರು, ಸೊಪ್ಪಿನ ಪಲ್ಯ, ಮೊಸರು, ಮಜ್ಜಿಗೆ ನಿಶ್ಚಿಂತೆಯಿಂದ ಊಟ ಮಾಡಿ. ಯಾವುದೋ ಒಂದು ತರಕಾರಿ ತಿಂದಾಗಲೆಲ್ಲ ನಿಮಗೆ ನೋವು ಬರುತ್ತದೆ ಎಂದು ಅನುಭವದಿಂದ ಕಂಡಿದ್ದರೆ ಅದೊಂದನ್ನು ಬಿಟ್ಟರೆ ಸಾಕು.

ಬಿಡಬೇಕಾದ್ದರಲ್ಲಿ ಮೊದಲನೆಯದು ಮದ್ಯ. ಅದರಲ್ಲಿಯೂ ಬಿಯರ್‌ನಿಂದ ಎರಡು ಕಡೆಯ ಪೆಟ್ಟು. ಅದರಲ್ಲಿ ಪ್ಯೂರಿನ್ ಇದೆ, ಮತ್ತು ಅದರ ಮದ್ಯ ಮೂತ್ರಪಿಂಡದಿಂದ ಯೂರಿಕ್ ಆಮ್ಲ ಹೊರಹೋಗುವುದನ್ನು ತಡೆಯುತ್ತದೆ. ಬ್ರಾಂದಿ ವಿಸ್ಕಿಯೂ ಸುರಕ್ಷಿತವಲ್ಲ. ಎರಡನೆಯದು ಕುರಿ ಕೋಳಿಗಳ ಲಿವರ್, ಮೂತ್ರಪಿಂಡ, ಮಿದುಳು ಮುಂತಾದ ಒಳಗಿನ ಅಂಗಗಳು ಮತ್ತು ಕಾಲು ಸೂಪು. ಮೂರನೆಯದು ಬೂತಾಯಿ, ಬಂಗುಡೆ, ಒಣಮೀನು, ಸಿಗಡಿ, ಏಡಿ. ಕುರಿ ಮತ್ತು ಹಂದಿ ಮಾಂಸವನ್ನು ಪೂರ್ತಿ ಬಿಡಲಾಗದವರು ವಾರಕ್ಕೊಮ್ಮೆ ಕೆಲವು ತುಂಡಿಗೆ ನಿಲ್ಲಿಸಿ. ಯುಗಾದಿಯ ಮರುದಿನದ ತೊಡಕಿನಂತಹ ದಿನಗಳಲ್ಲಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ಮಾಂಸ, ಜೊತೆಗೆ ಮದ್ಯ ಎರಡೂ ಸೇರಿದಾಗಲೇ ಮರುರಾತ್ರಿ ಕಾಲು ಊದುವ ಸಂಭವ ಹೆಚ್ಚು. ನಾಲ್ಕನೆಯದು ಬಾಟಲಿಯ ಸಿಹಿ ಪಾನೀಯಗಳು. ಅವುಗಳಲ್ಲಿರುವ ಸಕ್ಕರೆ ಒಡೆಯುವಾಗ ದೇಹದಲ್ಲಿಯೇ ಯೂರಿಕ್ ಆಮ್ಲ ಹುಟ್ಟುತ್ತದೆ.

ಕಾಫಿ ಬಿಡಬೇಕೇ ಎಂದು ಈ ಸೀಮೆಯಲ್ಲಿ ಎಲ್ಲರೂ ಕೇಳುತ್ತಾರೆ. ಬಿಡಬೇಕಾಗಿಲ್ಲ. ಕಾಫಿ ಕುಡಿಯುವವರಲ್ಲಿ ಗೌಟ್ ಕಡಿಮೆ ಎಂದೇ ಅಧ್ಯಯನಗಳಲ್ಲಿ ಕಂಡಿದೆ. ಸಕ್ಕರೆ ಬೆಲ್ಲ ಮಾತ್ರ ಕಡಿಮೆ ಇರಲಿ.

"ನಾವು ಮಾಂಸ ಮುಟ್ಟುವವರಲ್ಲ, ಕುಡಿಯುವವರಲ್ಲ, ನಮಗೇಕೆ ಬಂತು?" ಎಂದು ಸಸ್ಯಾಹಾರಿಗಳು ನೊಂದುಕೊಳ್ಳುತ್ತಾರೆ. ಮೇಲೆ ಹೇಳಿದಂತೆ ಯೂರಿಕ್ ಆಮ್ಲದ ಹೆಚ್ಚಿನ ಪಾಲು ದೇಹದಲ್ಲಿಯೇ ಆಗುವುದು. ಮನೆತನ, ಹೆಚ್ಚಿದ ತೂಕ, ಮೂತ್ರಪಿಂಡದ ಕಾಯಿಲೆ, ಮೂತ್ರ ಹೋಗಿಸುವ ಬಿ.ಪಿ. ಮಾತ್ರೆ ಇವೂ ಕಾರಣಗಳು. ಹೆಂಗಸರಿಗೆ ಮುಟ್ಟು ನಿಂತ ಮೇಲೆ ಬರುವುದು ಹೆಚ್ಚು. ಹಾಗಾಗಿ ಈ ಕಾಯಿಲೆ ಬಂದವರನ್ನು ಕುಡುಕರೆಂದು ಆಡಿಕೊಳ್ಳಬಾರದು. ಇನ್ನೊಂದು ಮಾತು. ಹಬ್ಬ ವ್ರತಗಳಲ್ಲಿ ನೀರೂ ಕುಡಿಯದೆ ದಿನವಿಡೀ ಉಪವಾಸವಿದ್ದರೆ ಯೂರಿಕ್ ಆಮ್ಲ ಏರಿ ನೋವು ಎದ್ದೀತು. ಉಪವಾಸ ಮಾಡುವವರು ಹಣ್ಣು, ಹಾಲು, ನೀರು ತೆಗೆದುಕೊಳ್ಳಿ. ತೂಕ ಇಳಿಸುವುದಾದರೂ ನಿಧಾನವಾಗಿ ಇಳಿಸಿ. ಕಾಫಿ ಕೊಯ್ಲಿನ ಬಿಸಿಲಿನಲ್ಲಿ ನೀರಿನ ಬಾಟಲಿ ಜೊತೆಗಿರಲಿ. ಹೃದಯದ ಅಥವಾ ಮೂತ್ರಪಿಂಡದ ಕಾಯಿಲೆಗೆ ನೀರು ಮಿತಿಗೊಳಿಸಿದ್ದರೆ ಆ ಮಿತಿಯನ್ನೇ ಪಾಲಿಸಿ.

ಇಷ್ಟೆಲ್ಲ ಪಥ್ಯ ಕಟ್ಟುನಿಟ್ಟಾಗಿ ಮಾಡಿದರೂ ರಕ್ತದ ಅಂಕಿ ಸಾಮಾನ್ಯವಾಗಿ 1ರಷ್ಟು ಮಾತ್ರ ಇಳಿಯುತ್ತದೆ. 9.1 ಇದ್ದ ರೈಟರು ಪಥ್ಯದಿಂದ 8ಕ್ಕೆ ಬಂದಾರು, 6ಕ್ಕೆ ಬರಲಾರರು. ಊಟ ನೋವನ್ನು ಎಬ್ಬಿಸುವ ಕಿಡಿ. ಹರಳುಗಳು ಮೊದಲೇ ಒಟ್ಟಿಟ್ಟ ಒಣ ಸೌದೆ. ಕಿಡಿ ತಪ್ಪಿಸುವುದು ಒಳ್ಳೆಯದೇ, ಆದರೆ ಸೌದೆ ಖಾಲಿಯಾಗಲು ಔಷಧಿ ಬೇಕು.

ಹರಳು ಕರಗಿಸುವ ಮಾತ್ರೆ

ವರ್ಷಕ್ಕೆ ಎರಡು ಅಥವಾ ಹೆಚ್ಚು ಸಲ ನೋವು ಬಂದವರಿಗೆ, ಚರ್ಮದ ಕೆಳಗೆ ಗಂಟು ಕಟ್ಟಿದವರಿಗೆ, ಕೀಲು ಸವೆದವರಿಗೆ ಯೂರಿಕ್ ಆಮ್ಲ ಇಳಿಸುವ ಮಾತ್ರೆ ಬೇಕು. ಮೊದಲ ಸಲ ನೋವು ಬಂದವರಲ್ಲಿಯೂ ಮೂತ್ರಪಿಂಡದ ಕಾಯಿಲೆ ಇದ್ದರೆ ವೈದ್ಯರು ಇದನ್ನು ಶುರುಮಾಡಬಹುದು. ಹೆಚ್ಚಾಗಿ ಕೊಡುವುದು ಅಲೋಪ್ಯೂರಿನಾಲ್, ಅದು ಆಗದವರಿಗೆ ಫೆಬುಕ್ಸೋಸ್ಟಾಟ್. ಇದು ನೋವಿನ ಮಾತ್ರೆಯಲ್ಲ. ನುಂಗಿದ ದಿನ ಇದರಿಂದ ನೋವು ಕಡಿಮೆಯಾಗುವುದಿಲ್ಲ.

ರೈಟರಿಗೆ ಅಲೋಪ್ಯೂರಿನಾಲ್ ದಿನಕ್ಕೆ 100 ಮಿಲಿಗ್ರಾಂನಿಂದ ಶುರುವಾಯಿತು. ಬಿ.ಪಿ. ಮಾತ್ರೆಯನ್ನು ವೈದ್ಯರೇ ಬದಲಿಸಿದರು. ಒಂದು ತಿಂಗಳಿಗೆ ಅಂಕಿ 7.9ಕ್ಕೆ ಬಂತು, ಮಾತ್ರೆಯನ್ನು 200ಕ್ಕೆ ಏರಿಸಲಾಯಿತು. ಎರಡನೆಯ ತಿಂಗಳಲ್ಲಿ ಮತ್ತೆ ಹೆಬ್ಬೆರಳು ನೋಯಿತು. "ಈ ಮಾತ್ರೆಯಿಂದಲೇ ನೋವು ಬಂತು, ಮೈಗೆ ಹಿಡಿಯುವುದಿಲ್ಲ" ಎಂದು ಅವರು ಬಿಟ್ಟುಬಿಟ್ಟರು. ಎರಡು ತಿಂಗಳ ನಂತರ ಊದಿದ ಹಿಮ್ಮಡಿ ಗಂಟಿನೊಂದಿಗೆ ಬಂದಾಗ ಅಂಕಿ ಮತ್ತೆ 8.8 ಇತ್ತು.

ಅವರು ಗಮನಿಸಿದ್ದರಲ್ಲಿ ನಿಜ ಇತ್ತು, ಅರ್ಥ ಮಾಡಿಕೊಂಡದ್ದು ತಪ್ಪಾಗಿತ್ತು. ರಕ್ತದಲ್ಲಿ ಯೂರಿಕ್ ಆಮ್ಲ ಇಳಿದಾಗ ಕೀಲಿನಲ್ಲಿರುವ ಹಳೆಯ ಹರಳುಗಳು ಕರಗಲು ತೊಡಗಿ ಸಡಿಲವಾಗುತ್ತವೆ, ಆಗ ನೋವು ಏಳುವುದುಂಟು. ಮೊದಲ ಮೂರರಿಂದ ಆರು ತಿಂಗಳು ಹೀಗಾಗಬಹುದು. ಅದನ್ನು ತಡೆಯಲೆಂದೇ ಆ ತಿಂಗಳುಗಳಲ್ಲಿ ಜೊತೆಗೆ ಸಣ್ಣ ಪ್ರಮಾಣದ ಕಾಲ್ಚಿಸಿನ್ ಕೊಡುತ್ತಾರೆ. ನೋವು ಎದ್ದರೆ ನೋವಿಗೆ ಬೇರೆ ಔಷಧಿ ತೆಗೆದುಕೊಳ್ಳಿ, ಅಲೋಪ್ಯೂರಿನಾಲ್ ಮಾತ್ರ ನಿಲ್ಲಿಸಬೇಡಿ. ರೈಟರು ಪುನಃ 100ರಿಂದ ಶುರುಮಾಡಿ, ಕಾಲ್ಚಿಸಿನ್ ಸಹಿತ ಮುಂದುವರಿಸಿ, 300ಕ್ಕೆ ಬಂದಾಗ ಅಂಕಿ 5.6 ಆಯಿತು. ಗುರಿ ಇದೇ: 6ಕ್ಕಿಂತ ಕೆಳಗೆ. ಚರ್ಮದ ಕೆಳಗೆ ಗಂಟುಗಳಿದ್ದವರಿಗೆ 5ಕ್ಕಿಂತ ಕೆಳಗೆ. ಚೀಟಿಯಲ್ಲಿ ಅಚ್ಚಾಗಿರುವ 7 ಗೌಟ್ ರೋಗಿಯ ಗುರಿಯಲ್ಲ. ಅಂಕಿ 6ಕ್ಕಿಂತ ಕೆಳಗೆ ಉಳಿದರೆ ಹರಳುಗಳು ತಿಂಗಳು ವರ್ಷಗಳಲ್ಲಿ ನಿಧಾನವಾಗಿ ಕರಗಿ ಹೋಗುತ್ತವೆ. ಮಾತ್ರೆ ಬಿಟ್ಟರೆ ಮತ್ತೆ ಕೂರುತ್ತವೆ. ಆದ್ದರಿಂದ ಇದು ಬಿ.ಪಿ. ಮಾತ್ರೆಯಂತೆ ಮುಂದುವರಿಸಬೇಕಾದ ಔಷಧಿ.

ಅಲೋಪ್ಯೂರಿನಾಲ್ ನಿಲ್ಲಿಸಲೇಬೇಕಾದ ಒಂದು ಸಂದರ್ಭವಿದೆ. ಮೈಮೇಲೆ ಕೆಂಪು ದದ್ದು, ಬಾಯಿ ಕಣ್ಣುಗಳಲ್ಲಿ ಹುಣ್ಣು, ಜೊತೆಗೆ ಜ್ವರ ಕಂಡರೆ ಆ ಕ್ಷಣವೇ ಮಾತ್ರೆ ಬಿಟ್ಟು ಆಸ್ಪತ್ರೆಗೆ ಬನ್ನಿ. ಇದು ಅಪರೂಪ, ಆದರೆ ಬಂದರೆ ಗಂಭೀರ. ಹೆಚ್ಚಾಗಿ ಮೊದಲ ಮೂರು ತಿಂಗಳೊಳಗೆ ಕಾಣಿಸುತ್ತದೆ. ಹಾಗೆಯೇ ಬಿ.ಪಿ. ಮಾತ್ರೆಯನ್ನಾಗಲಿ, ಹೃದಯಕ್ಕೆ ಕೊಟ್ಟ ಸಣ್ಣ ಆಸ್ಪಿರಿನ್ ಅನ್ನಾಗಲಿ ಯೂರಿಕ್ ಆಮ್ಲ ಏರಿಸುತ್ತದೆಂದು ಕೇಳಿ ನೀವಾಗಿಯೇ ಬಿಡಬೇಡಿ, ವೈದ್ಯರನ್ನು ಕೇಳಿ.

ಔಷಧಿ ಇಲ್ಲದೆ ವರ್ಷಗಟ್ಟಲೆ ಬಿಟ್ಟರೆ ಏನಾಗುತ್ತದೆ? ನೋವು ಬರುವ ಅಂತರ ಕಡಿಮೆಯಾಗಿ, ಹಿಮ್ಮಡಿ ಗಂಟು, ಮಂಡಿ, ಕೈ ಬೆರಳುಗಳಿಗೂ ಹಬ್ಬುತ್ತದೆ. ಕಿವಿಯ ಅಂಚಿನಲ್ಲಿ, ಮೊಣಕೈಯಲ್ಲಿ, ಬೆರಳ ಗೆಣ್ಣುಗಳಲ್ಲಿ ಗಂಟುಗಳು ಏಳುತ್ತವೆ. ಒಡೆದರೆ ಸುಣ್ಣದಂತಹ ಬಿಳಿ ಪದಾರ್ಥ ಬರುತ್ತದೆ. ಮೂತ್ರದಲ್ಲಿ ಕಲ್ಲು ಆಗಬಹುದು. ಗಂಟನ್ನು ಮನೆಯಲ್ಲಿ ಚುಚ್ಚಿ ಹಿಂಡಬೇಡಿ, ಗಾಯ ಮಾಯುವುದು ಕಷ್ಟ.

ಮುಂದಿನ ಸಲ ಬರುವಾಗ

ಹಳೆಯ ಪರೀಕ್ಷೆಯ ಚೀಟಿಗಳನ್ನೆಲ್ಲ ತನ್ನಿ. ಬಿ.ಪಿ., ಸಕ್ಕರೆ ಕಾಯಿಲೆ, ಹೃದಯ ಯಾವುದಕ್ಕೇ ಆಗಲಿ ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಹಾಳೆ ತನ್ನಿ, ನಾಟಿ ಔಷಧಿ ಇದ್ದರೆ ಅದನ್ನೂ ಹೇಳಿ. ಯಾವ ದಿನ ನೋವು ಎದ್ದಿತು, ಹಿಂದಿನ ಎರಡು ದಿನ ಏನು ತಿಂದಿರಿ, ಕುಡಿದಿರಿ, ಉಪವಾಸವಿತ್ತೇ, ಎಂಬುದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಮಾತ್ರೆಯ ಪ್ರಮಾಣ ಹೊಂದಿಸುವ ತಿಂಗಳುಗಳಲ್ಲಿ ನಾಲ್ಕರಿಂದ ಆರು ವಾರಕ್ಕೊಮ್ಮೆ, ಗುರಿ ಮುಟ್ಟಿದ ಮೇಲೆ ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಿ. ನೋವು ಇಲ್ಲದ ದಿನವೂ ಬಂದು ಮಾಡಿಸಬೇಕಾದ ಪರೀಕ್ಷೆ ಇದು. ಮಳೆಗಾಲದಲ್ಲಿ ದಾರಿ ಕಷ್ಟವಾಗುವ ಕಳಸ, ಕೊಟ್ಟಿಗೆಹಾರದ ಕಡೆಯವರು ಜೂನ್‌ಗೆ ಮೊದಲೇ ಬಂದು ಪರೀಕ್ಷೆ ಮಾಡಿಸಿಕೊಂಡು, ವೈದ್ಯರನ್ನು ಕೇಳಿ ಮಳೆಗಾಲ ಮುಗಿಯುವವರೆಗೆ ಬೇಕಾಗುವಷ್ಟು ಮಾತ್ರೆ ತೆಗೆದುಕೊಂಡು ಹೋಗಿ.